ಆಯಿಯ ಸೀರೆ ನೀಲಿಯಾಗಿರಲಿಲ್ಲ

ನಮ್ಮ ಹಿರಿಯರ ಮನೆಯ ಪಡಸಾಲೆಯಲ್ಲಿ ಕಟ್ಟು ಹಾಕಿಸಿದ ಒಂದು ಕಪ್ಪು-ಬಿಳುಪು ಭಾವಚಿತ್ರವಿದೆ. 1949ರಲ್ಲಿ ವಿಜಾಪುರದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ನಮ್ಮ ಮುತ್ಯಾ ಕುರ್ಚಿಯ ಮೇಲೆ ರುಮಾಲು ಸುತ್ತಿ ಕುಳಿತಿದ್ದಾರೆ. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಕರಡಿಗೆ. ಪಕ್ಕದಲ್ಲಿ ಇಲಕಲ್ಲ ಸೀರೆಯುಟ್ಟ ಆಯಿ ನಿಂತಿದ್ದಾರೆ. ಅವರ ಕಂಕುಳಲ್ಲಿರುವ ಕೂಸು ನಮ್ಮ ತಂದೆಯವರು. ಆಯಿಯ ಸೆರಗನ್ನು ಹಿಡಿದುಕೊಂಡು ನಿಂತ ಆರು ವರ್ಷದ ಹುಡುಗ ನಮ್ಮ ದೊಡ್ಡಪ್ಪ. ಆಯಿಯದೆಂದು ನಮ್ಮಲ್ಲಿರುವ ಭಾವಚಿತ್ರ ಇದೊಂದೇ.

ಕಳೆದ ಬಾರಿ ಮನೆಯ ಕಾರ್ಯಕ್ಕೆ ಎಲ್ಲರೂ ಸೇರುವವರಿದ್ದಾಗ ಈ ಚಿತ್ರಕ್ಕೆ ಬಣ್ಣ ಕೊಡಿಸಿ ಮನೆಗೊಂದರಂತೆ ಪ್ರತಿ ಹಂಚಬೇಕೆಂದು ನಾವು ಯೋಚಿಸಿದೆವು. ಈಗ ಅದೇನೂ ದೊಡ್ಡ ಕೆಲಸವಲ್ಲ. ಚಿತ್ರವನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಗಣಕಯಂತ್ರವು ನಿಮಿಷದೊಳಗೆ ಬಣ್ಣ ತುಂಬಿಕೊಡುತ್ತದೆ. ಹಾಗೆಯೇ ಮಾಡಿಸಿದೆವು. ಬಂದ ಚಿತ್ರವನ್ನು ಕಂಡು ಎಲ್ಲರಿಗೂ ಸಂತೋಷವಾಯಿತು. ಆಯಿಯ ಸೀರೆ ಮಾಸಲು ನೀಲಿ, ಅಂಚು ಕಪ್ಪು ಮಿಶ್ರಿತ ಕಂದು. ಹಿಂದಿನ ಪರದೆಯಲ್ಲಿ ಹಸಿರು ಮರಗಳು, ತಿಳಿನೀಲಿ ಆಕಾಶ. ಮುತ್ಯಾನ ಕೆನ್ನೆಯ ಮೇಲೆ ಜೀವಕಳೆ.

ಆ ಚಿತ್ರವನ್ನು ನಮ್ಮ ಸಣ್ಣ ಆಯಿಗೆ ಒಯ್ದು ತೋರಿಸುವ ಮುನ್ನ, ಬಾಯಿಗೆ ಬಂದಂತೆ, ‘ಆಯಿ ಅವತ್ತ ಯಾವ ಸೀರಿ ಉಟ್ಟಿದ್ಲು?’ ಎಂದು ಕೇಳಿದೆವು. ಸಣ್ಣ ಆಯಿ ಎಂದರೆ ಆಯಿಯ ತಂಗಿ. ಆಗ ಅವರಿಗೆ ಹದಿಮೂರು ವರ್ಷ; ಕೂಸನ್ನು ಎತ್ತಿಕೊಳ್ಳಲು ಜೊತೆಗೆ ಹೋಗಿ, ಚಿತ್ರ ತೆಗೆಯುವಾಗ ಕ್ಯಾಮರಾದ ಹಿಂದೆ ನಿಂತವರು. ಈಗ ತೊಂಬತ್ತರ ಹೊಸ್ತಿಲಲ್ಲಿದ್ದಾರೆ. ಅವರು ತಡಮಾಡದೆ, ‘ಹಸರ ಸೀರಿ. ವೀಳ್ಯದೆಲಿ ಬಲತಾಗ ಇರತೈತಲ್ಲ, ಆ ಹಸರ. ಕೆಂಪ ದಡಿ,’ ಎಂದರು. ಅನಂತರ ಬಣ್ಣದ ಚಿತ್ರವನ್ನು ಕೈಗೆ ಕೊಟ್ಟೆವು. ಬಹಳ ಹೊತ್ತು ನೋಡಿ, ‘ಇದ ಯಾರ ಸೀರಿನೋ ತಮ್ಮಾ?’ ಎಂದು ಕೇಳಿದರು.

ಸಣ್ಣ ಆಯಿಯ ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಕಪ್ಪು-ಬಿಳುಪು ಚಿತ್ರದೊಳಗೆ ಬಣ್ಣವು ಎಲ್ಲಿಯೋ ಅಡಗಿ ಕುಳಿತಿದೆ, ಯಂತ್ರವು ಅದನ್ನು ಹೊರಗೆ ತೆಗೆಯುತ್ತದೆ ಎಂದು ನಮ್ಮಲ್ಲಿ ಹಲವರ ಭಾವನೆ. ಇದು ನಿಜವಲ್ಲ. ಹಳೆಯ ಫಿಲ್ಮು ದಾಖಲಿಸಿಕೊಂಡದ್ದು ತನ್ನ ಮೇಲೆ ಎಷ್ಟು ಬೆಳಕು ಬಿದ್ದಿತೆಂಬುದನ್ನು ಮಾತ್ರ, ಆ ಬೆಳಕು ಯಾವ ಬಣ್ಣದ್ದೆಂಬುದನ್ನಲ್ಲ. ಮೂರು ಬಣ್ಣದ ಧಾನ್ಯಗಳನ್ನು ಒಟ್ಟಿಗೆ ಬೀಸಿದ ಮೇಲೆ ಹಿಟ್ಟಿನ ತೂಕವನ್ನು ಮಾತ್ರ ಬರೆದಿಟ್ಟಂತೆ. ತೂಕವನ್ನು ನೋಡಿ ಜೋಳವೆಷ್ಟು, ಗೋಧಿಯೆಷ್ಟು ಎಂದು ಹೇಳಲಾಗದು.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಗಣಕಯಂತ್ರದಲ್ಲಿ ಪ್ರತಿಯೊಂದು ಬಣ್ಣವನ್ನೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಗಳಿಂದ ಬರೆಯುತ್ತಾರೆ. ಒಂದೊಂದೂ 0ಯಿಂದ 255ರವರೆಗೆ. ಅದನ್ನು ಬೂದುಬಣ್ಣಕ್ಕೆ ಇಳಿಸುವಾಗ, ನಮ್ಮ ಕಣ್ಣಿನ ಸ್ವಭಾವಕ್ಕೆ ಅನುಗುಣವಾಗಿ, ಕೆಂಪಿನ ನೂರಕ್ಕೆ 30, ಹಸಿರಿನ ನೂರಕ್ಕೆ 59, ನೀಲಿಯ ನೂರಕ್ಕೆ 11ರಷ್ಟನ್ನು ಕೂಡಿಸುತ್ತಾರೆ. ಈಗ ಮೂರು ಬಟ್ಟೆಗಳನ್ನು ತೆಗೆದುಕೊಳ್ಳಿ. ಕುಂಕುಮಗೆಂಪು ಬಟ್ಟೆ: ಅಂಕಗಳು 170, 20, 30. ಬಲಿತ ಎಲೆಯ ಹಸಿರು: 40, 85, 35. ನೀಲಿ: 30, 70, 140. ಕೂಡಿಸಿದರೆ ಮೂರಕ್ಕೂ ಬರುವ ಉತ್ತರ 66. ಎದುರಿಗಿಟ್ಟರೆ ಮಗುವೂ ಬೇರೆ ಬೇರೆ ಎಂದು ಹೇಳಬಲ್ಲ ಮೂರು ಬಟ್ಟೆಗಳು ಕಪ್ಪು-ಬಿಳುಪಿನಲ್ಲಿ ಒಂದೇ ಬಟ್ಟೆಯಾದವು. ಆ 66ರಿಂದ ಹಿಂದಕ್ಕೆ ಹೋಗುವ ದಾರಿಯಿಲ್ಲ.

ಹಾಗಾದರೆ ಯಂತ್ರವು ಬಣ್ಣವನ್ನು ಎಲ್ಲಿಂದ ತರುತ್ತದೆ? ತಾನು ಹಿಂದೆ ನೋಡಿದ ಚಿತ್ರಗಳಿಂದ. 2016ರಲ್ಲಿ ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಪ್ರಕಟಿಸಿದ ವಿಧಾನ ಈ ಕ್ಷೇತ್ರದಲ್ಲಿ ಪ್ರಸಿದ್ಧವಾದುದು. ಹತ್ತು ಲಕ್ಷಕ್ಕೂ ಮಿಕ್ಕಿದ ಬಣ್ಣದ ಚಿತ್ರಗಳನ್ನು ಅವರು ಕಪ್ಪು-ಬಿಳುಪಾಗಿಸಿ ಯಂತ್ರಕ್ಕೆ ಕೊಟ್ಟರು. ಯಂತ್ರ ಬಣ್ಣವನ್ನು ಊಹಿಸಬೇಕು, ಊಹೆಯನ್ನು ಮೂಲಚಿತ್ರದೊಡನೆ ಹೋಲಿಸಿ ತಿದ್ದಿಕೊಳ್ಳಬೇಕು. ಹೀಗೆ ಪಳಗಿದ ಯಂತ್ರ ಹುಲ್ಲನ್ನು ಹಸಿರೆಂದೂ ಆಕಾಶವನ್ನು ನೀಲಿಯೆಂದೂ ಕಲಿಯುತ್ತದೆ. ಅಲ್ಲಿಯ ತನಕ ಸರಿ. ಆದರೆ ಸೀರೆಗೆ ಇಂಥದೇ ಬಣ್ಣವೆಂಬ ನಿಯಮವಿಲ್ಲವಲ್ಲ! ಕೆಂಪು, ಹಸಿರು, ನೀಲಿ, ಹಳದಿ ಎಲ್ಲವನ್ನೂ ನೋಡಿದ ಯಂತ್ರ, ಯಾವುದನ್ನು ಹೇಳಿದರೂ ತಪ್ಪಾದೀತೆಂದು, ಎಲ್ಲದರ ನಡುವಿನ ಒಂದು ಮಣ್ಣುಬಣ್ಣವನ್ನು ಬಳಿದುಬಿಡುತ್ತದೆ. ಸರಾಸರಿ ತೆಗೆದರೆ ತಪ್ಪು ಕಡಿಮೆಯಾಗುತ್ತದೆಂಬ ಲೆಕ್ಕ ಅದರದು. ಬಣ್ಣ ತುಂಬಿದ ಹಳೆಯ ಚಿತ್ರಗಳಲ್ಲಿ ಕಂದು ಮತ್ತು ಮಾಸಲು ನೀಲಿಯ ಬಟ್ಟೆಗಳೇ ಹೆಚ್ಚಾಗಿ ಕಾಣುವುದಕ್ಕೆ ಇದೊಂದು ಕಾರಣ. ಈ ದೋಷವನ್ನು ಕಂಡುಕೊಂಡೇ ಬರ್ಕ್ಲಿಯವರು ಅಪರೂಪದ ಗಾಢ ಬಣ್ಣಗಳಿಗೆ ಹೆಚ್ಚಿನ ತೂಕ ಕೊಟ್ಟರು. ಚಿತ್ರಗಳು ಹೊಳಪಾದವು. ಹೊಳಪಾದ ಮಾತ್ರಕ್ಕೆ ಊಹೆಯು ಸತ್ಯವಾಗಲಿಲ್ಲ.

ನಮ್ಮ ಚಿತ್ರದಲ್ಲಿ ಇದು ಎಲ್ಲೆಲ್ಲಿ ಎಡವಿತೆಂಬುದನ್ನು ಆಮೇಲೆ ಸಾವಧಾನವಾಗಿ ನೋಡಿದೆವು. ಮುತ್ಯಾನ ಹಣೆಯ ವಿಭೂತಿಗೆ ಚರ್ಮದ ಬಣ್ಣ ಬಂದಿತ್ತು. ಹಣೆಯ ಮೇಲೆ ಬೆಳಕು ಬಿದ್ದ ಗೆರೆಗಳೆಂದು ಯಂತ್ರ ಭಾವಿಸಿರಬೇಕು. ಕರಡಿಗೆ ಬೆಳ್ಳಿಯದು, ಅದು ಹಿತ್ತಾಳೆಯಂತೆ ಹಳದಿಯಾಗಿತ್ತು. ಎಲ್ಲಕ್ಕಿಂತ ಸೋಜಿಗವೆಂದರೆ ಹಿಂದಿನ ಪರದೆ. ಆ ಕಾಲದ ಸ್ಟುಡಿಯೋಗಳ ಪರದೆಗಳನ್ನು ಅನೇಕ ವೇಳೆ ಬಿಳಿ, ಕಪ್ಪು, ಬೂದು ಬಣ್ಣಗಳಲ್ಲಿಯೇ ಬರೆಯುತ್ತಿದ್ದರು. ಚಿತ್ರದಲ್ಲಿ ಹೇಗೂ ಬೇರೆ ಬಣ್ಣ ಬರುವುದಿಲ್ಲವಲ್ಲ. ಸಣ್ಣ ಆಯಿಯ ನೆನಪಿನಲ್ಲಿಯೂ ಆ ಪರದೆ ‘ಬೂದಿ ಬಳದಂಗ’ ಇತ್ತು. ನಿಜವಾಗಿಯೂ ಬೂದುಬಣ್ಣದ್ದೇ ಆಗಿದ್ದ ಒಂದು ವಸ್ತುವಿಗೆ ಯಂತ್ರವು ಶ್ರದ್ಧೆಯಿಂದ ಹಸಿರು ಎಲೆಗಳನ್ನು ಬಳಿದಿತ್ತು.

ಸೀರೆಯ ಪ್ರಶ್ನೆ ಇಷ್ಟು ಸುಲಭವಾಗಿರಲಿಲ್ಲ. ಅದನ್ನು ತಿಳಿಯಬೇಕಾದರೆ ಹಳೆಯ ಫಿಲ್ಮಿನ ಒಂದು ಗುಣವನ್ನು ಹೇಳಬೇಕು. ಅದನ್ನು ಬಲ್ಲವರು ಈಗ ಕಡಿಮೆ.

ಛಾಯಾಗ್ರಹಣದ ಮೊದಲ ದಿನಗಳ ಗಾಜಿನ ಫಲಕಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಕುತ್ತಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಎಂಬ ವಿಜ್ಞಾನಿಯು ಫಲಕದ ಲೇಪದಲ್ಲಿ ಕೆಲವು ವರ್ಣದ್ರವ್ಯಗಳನ್ನು ಸೇರಿಸಿದರೆ ಹಸಿರು ಬೆಳಕೂ ತಾಕುತ್ತದೆಂದು ಕಂಡುಹಿಡಿದನು. ಹೀಗೆ ಬಂದದ್ದು ಆರ್ಥೊಕ್ರೊಮ್ಯಾಟಿಕ್ ಎಂಬ ಜಾತಿ. ಅದಕ್ಕೆ ನೀಲಿ ಕಾಣುತ್ತದೆ, ಹಸಿರು ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ. ಮೂರೂ ಬಣ್ಣಗಳನ್ನು ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಫಲಕಗಳು 1906ರಿಂದ ಮಾರಾಟಕ್ಕೆ ಬಂದರೂ, ಹಳೆಯ ಜಾತಿಯು ಬಹುಕಾಲ ಬಳಕೆಯಲ್ಲಿ ಉಳಿಯಿತು. ಅದಕ್ಕೆ ಕೆಂಪು ಕಾಣದ ಕಾರಣ ಕತ್ತಲೆಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು, ಚಿತ್ರ ಮೂಡುವುದನ್ನು ಕಣ್ಣಾರೆ ನೋಡುತ್ತ ತೊಳೆಯಬಹುದಾಗಿತ್ತು.

ಆರ್ಥೊ ಫಿಲ್ಮಿನಲ್ಲಿ ಕೆಂಪು ವಸ್ತು ಕಪ್ಪಾಗಿ ಬರುತ್ತದೆ, ನೀಲಿ ವಸ್ತು ಬೆಳ್ಳಗೆ ಬರುತ್ತದೆ. ನಮ್ಮ ಮೂರು ಬಟ್ಟೆಗಳನ್ನೇ ಮತ್ತೆ ತೆಗೆದುಕೊಂಡು, ಈ ಬಾರಿ ಕೆಂಪಿನ ಅಂಕವನ್ನು ಬಿಟ್ಟು, ಹಸಿರು-ನೀಲಿಗಳ ಸರಾಸರಿಯನ್ನಷ್ಟೇ ಹಿಡಿಯಿರಿ. ಒರಟು ಲೆಕ್ಕ, ಆದರೂ ಸಾಕು. ಕೆಂಪು ಬಟ್ಟೆ 25, ಹಸಿರು 60, ನೀಲಿ 105. ಮೊದಲು 66ರಲ್ಲಿ ಒಂದಾಗಿದ್ದ ಮೂರೂ ಈಗ ಬೇರೆಯಾದವು. ಕೆಂಪು ಹೆಚ್ಚುಕಡಿಮೆ ಕಪ್ಪು, ನೀಲಿ ಸಾಕಷ್ಟು ತಿಳಿ. ಒಂದೇ ಸೀರೆ, ಒಂದೇ ದಿನ, ಎರಡು ಬಗೆಯ ಫಿಲ್ಮಿನಲ್ಲಿ ಎರಡು ಬೂದುಗಳು. ಯಂತ್ರವು ಕಲಿತದ್ದು ಈಗಿನ ಬಣ್ಣದ ಚಿತ್ರಗಳನ್ನು ಮೊದಲನೆಯ ಲೆಕ್ಕದಂತೆ ಬೂದಾಗಿಸಿ. 1949ರಲ್ಲಿ ಆ ಸ್ಟುಡಿಯೋದವರು ಯಾವ ಫಿಲ್ಮು ಹಾಕಿದ್ದರೆಂದು ಅದು ಕೇಳುವುದೇ ಇಲ್ಲ. ಕಪ್ಪಾಗಿ ಕಂಡ ಅಂಚನ್ನು ಕಪ್ಪೆಂದೇ ನಂಬಿ ಬಣ್ಣ ಹಾಕುತ್ತದೆ.

ಫಿಲ್ಮು ಯಾವುದಿತ್ತೆಂದು ಈಗ ತಿಳಿಯುವುದು ಹೇಗೆ? ಚಿತ್ರದೊಳಗೆ, ಬಣ್ಣ ಯಾವುದೆಂದು ಸಂದೇಹವೇ ಇಲ್ಲದ ವಸ್ತುವನ್ನು ಹುಡುಕಬೇಕು. ನಮ್ಮ ಪುಣ್ಯಕ್ಕೆ ಆಯಿಯ ಹಣೆಯ ಮೇಲೆ ಕಾಸಗಲದ ಕುಂಕುಮವಿತ್ತು. ಅದು ಚಿತ್ರದಲ್ಲಿ ಅವರ ಕೂದಲಿನಷ್ಟೇ ಕಪ್ಪಾಗಿದೆ. ತುಟಿಗಳೂ ಮುಖಕ್ಕಿಂತ ಬಹಳ ಕಪ್ಪು. ಎಲ್ಲ ಬಣ್ಣಗಳನ್ನೂ ಕಾಣುವ ಫಿಲ್ಮಾಗಿದ್ದರೆ ಕುಂಕುಮ ಇಷ್ಟು ಕಪ್ಪಾಗುತ್ತಿರಲಿಲ್ಲ. ಸೀರೆಯ ಅಂಚನ್ನು ಅಳೆದು ನೋಡಿದರೆ ಅದರ ಬೂದು ಕುಂಕುಮದ ಬೂದಿಗೆ ಹೆಚ್ಚುಕಡಿಮೆ ಸರಿಹೋಯಿತು. ಇಲಕಲ್ಲ ಸೀರೆಗೆ ಕೆಂಪು ಅಂಚು, ಕೆಂಪು ರೇಷ್ಮೆಯ ಸೆರಗು ವಾಡಿಕೆಯಾದುದು. ಸೆರಗಿನಲ್ಲಿ ಕೋಟೆಯ ತೆನೆಗಳಂತೆ ಬಿಳಿಯ ನೇಯ್ಗೆ ಬಂದಿರುತ್ತದೆ. ಅದಕ್ಕೆ ಟೋಪ್ ತೆನಿ ಎಂದು ಹೆಸರು. ನಮ್ಮ ಚಿತ್ರದಲ್ಲಿಯೂ ಕಪ್ಪು ಸೆರಗಿನಲ್ಲಿ ಆ ಬಿಳಿಯ ತೆನೆಗಳು ಎದ್ದು ಕಾಣುತ್ತವೆ. ಅಂಚು, ಸೆರಗು ಕೆಂಪೆಂದು ಹೇಳಲು ಇಷ್ಟು ಆಧಾರ ಸಾಕೆಂದು ನಮಗೆ ತೋರಿತು.

ಒಡಲಿನ ಮಾತು ಹಾಗಲ್ಲ. ಅದು ನಡುಮಟ್ಟದ ಬೂದು. ಕೆಂಪಾಗಿದ್ದರೆ ಅಂಚಿನಂತೆ ಕಪ್ಪಾಗಬೇಕಿತ್ತು, ಆದ್ದರಿಂದ ಕೆಂಪಲ್ಲ. ತಿಳಿನೀಲಿಯಾಗಿದ್ದರೆ ಬೆಳ್ಳಗೆ ಕಾಣಬೇಕಿತ್ತು, ಆದ್ದರಿಂದ ತಿಳಿನೀಲಿಯಲ್ಲ. ಹಸಿರು ಆಗಬಹುದು. ಆದರೆ ದಟ್ಟವಾದ ನೀಲಿಯೂ ಅದೇ ಬೂದನ್ನು ಕೊಡಬಲ್ಲದು, ಮತ್ತು ನೀಲಿ ಅದ್ದಿದ ನೂಲಿನ ಸೀರೆ ಇಲಕಲ್ಲಿನಲ್ಲಿ ಅಪರೂಪವೇನೂ ಅಲ್ಲ. ಇದಲ್ಲದೆ 75 ವರ್ಷಗಳಲ್ಲಿ ಕಾಗದ ಹಳದಿಗಟ್ಟಿದೆ, ಅಂಚುಗಳಲ್ಲಿ ಚಿತ್ರ ಮಾಸಿದೆ. ಅಳೆದ ಬೂದು ಮೊದಲ ದಿನದ ಬೂದೇ ಎಂದು ಆಣೆಯಿಡಲಾಗದು. ಚಿತ್ರವು ಕೆಲವು ಬಣ್ಣಗಳನ್ನು ಅಲ್ಲಗಳೆಯಿತು, ಎರಡನ್ನು ಉಳಿಸಿ ಸುಮ್ಮನಾಯಿತು. ಅದರಿಂದ ಹೆಚ್ಚಿನದನ್ನು ಕೇಳುವುದು ನ್ಯಾಯವಲ್ಲ.

ಉಳಿದದ್ದು ಮನುಷ್ಯರ ಸಾಕ್ಷ್ಯ. ಇಲ್ಲಿ ನಾವೊಂದು ತಪ್ಪು ಮಾಡಿದೆವು. ಓದುಗ ಬಂಧುಗಳು ಅದನ್ನು ಮಾಡದಿರಲೆಂದು ಸಂಕೋಚವಿಲ್ಲದೆ ಹೇಳುತ್ತೇವೆ. ಬಣ್ಣದ ಚಿತ್ರ ಬರುವುದಕ್ಕೆ ಎರಡು ತಿಂಗಳ ಮುಂಚೆ, ದೊಡ್ಡಪ್ಪನವರನ್ನು ಸೀರೆಯ ಬಣ್ಣ ಕೇಳಿದಾಗ, ‘ನೆನಪಿಲ್ಲೋ, ನಾ ಸಣ್ಣಾವಿದ್ದೆ’ ಎಂದಿದ್ದರು. ಚಿತ್ರ ಬಂದ ದಿನವೇ ಅದನ್ನು ಅವರ ಕೈಗೆ ಕೊಟ್ಟೆವು. ವಾರದ ನಂತರ ಮತ್ತೆ ಕೇಳಿದರೆ, ‘ನೀಲಿ ಸೀರಿ. ನಂಗ ಛಲೋ ನೆನಪೈತಿ,’ ಎಂದರು. ಅವರು ಸುಳ್ಳು ಹೇಳಲಿಲ್ಲ. ಖಾಲಿ ಇದ್ದ ಜಾಗದಲ್ಲಿ ಚಿತ್ರದ ನೀಲಿ ಹೋಗಿ ಕುಳಿತಿತ್ತು, ಅದು ಹೊರಗಿನಿಂದ ಬಂದದ್ದೆಂದು ಅವರಿಗೆ ತಿಳಿಯಲಿಲ್ಲ. ಸಣ್ಣ ಆಯಿಯನ್ನು ಚಿತ್ರ ತೋರಿಸುವ ಮೊದಲೇ ಕೇಳಿದ್ದು ನಮ್ಮ ಜಾಣತನವೇನಲ್ಲ, ಅದೃಷ್ಟ. ಅವರಿಗೂ ಮೊದಲೇ ತೋರಿಸಿದ್ದರೆ ಹಸಿರು ಸೀರೆ ಆ ದಿನವೇ ಈ ಲೋಕದಿಂದ ಹೊರಟುಹೋಗುತ್ತಿತ್ತೋ ಏನೋ. ಮನೆಯ ಮಕ್ಕಳಂತೂ ಆಗಲೇ ‘ನೀಲಿ ಸೀರಿ ಆಯಿ’ ಎಂದು ಹೆಸರಿಟ್ಟುಬಿಟ್ಟಿದ್ದರು.

ಒಬ್ಬರ ನೆನಪೇ ಸಾಲದೆಂದು ಬಟ್ಟೆಯ ಗುರುತು ಸಿಗುವುದೇ ಎಂದು ಹುಡುಕಿದೆವು. ಸೀರೆ ಉಳಿದಿರಲಿಲ್ಲ. ಸಣ್ಣ ಆಯಿಯೇ, ‘ಅದನ್ನ ಹರದು ಕೌದಿಗೆ ಹಾಕ್ಯಾರ,’ ಎಂದು ನೆನಪಿಸಿದರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಆ ಕೌದಿ ಸಿಕ್ಕಿತು. ಅದರಲ್ಲಿ ಸಣ್ಣ ಚೌಕಡಿಯ ಐದಾರು ತುಂಡುಗಳಿದ್ದವು. ಚಿತ್ರವನ್ನು ದೊಡ್ಡದಾಗಿಸಿ ನೋಡಿದಾಗ ಆಯಿಯ ಸೀರೆಯ ಒಡಲಿನಲ್ಲಿಯೂ ಚೌಕಡಿ ಕಂಡಿತು. ಎರಡು ತೆಳುಗೆರೆ, ನಡುವೆ ಬಿಡುವು, ಮತ್ತೆ ಎರಡು ಗೆರೆ. ತುಂಡಿನಲ್ಲಿಯೂ ಅದೇ ಲೆಕ್ಕ.

ಆದರೆ ತುಂಡಿನ ಬಣ್ಣ ಮಾಸಲು ನೀಲಿ! ದೊಡ್ಡಪ್ಪನವರ ಮುಖ ಅರಳಿತು.

ಕೌದಿಯ ಹೊಲಿಗೆಯನ್ನು ಒಂದು ಮೂಲೆಯಲ್ಲಿ ಬಿಚ್ಚಿ, ಒಳಗೆ ಮಡಿಚಿಕೊಂಡಿದ್ದ ಅರ್ಧ ಬೆರಳಗಲದ ಅರಿವೆಯನ್ನು ಹೊರಳಿಸಿದೆವು. ಬಿಸಿಲು ತಾಕದ ಆ ಮಡಿಕೆಯಲ್ಲಿ ದಟ್ಟ ಹಸಿರು ಹಾಗೆಯೇ ಇತ್ತು. ಹಳೆಯ ಬಣ್ಣಗಾರರು ಹಸಿರನ್ನು ಪಡೆಯುತ್ತಿದ್ದ ಒಂದು ರೀತಿ ನೂಲನ್ನು ನೀಲಿಯಲ್ಲಿಯೂ ಹಳದಿಯಲ್ಲಿಯೂ ಅದ್ದುವುದು. ಬಿಸಿಲಿಗೆ ಹಳದಿ ಬೇಗ ಹಾರುತ್ತದೆ, ನೀಲಿ ನಿಲ್ಲುತ್ತದೆ; ಹಸಿರು ಸೀರೆ ವರ್ಷ ಕಳೆದಂತೆ ನೀಲಿಗೆ ತಿರುಗುತ್ತದೆ. ಆದ್ದರಿಂದ ಟ್ರಂಕಿನಲ್ಲಿ ಹಳೆಯ ಬಟ್ಟೆ ಸಿಕ್ಕವರೂ ಮೇಲ್ಮೈಯನ್ನು ನಂಬದೆ ಹೊಲಿಗೆಯ ಒಳಗನ್ನು ನೋಡಬೇಕು.

ಇಷ್ಟಾದ ಮೇಲೆ ಸೀರೆ ಹಸಿರೆಂದು ನಾವು ಒಪ್ಪಿದೆವು. ಚಿತ್ರದ ಬೂದು ಅದಕ್ಕೆ ವಿರೋಧವಿಲ್ಲ, ಕಂಡವರೊಬ್ಬರು ಮುಂಚಿತವಾಗಿ ಹೇಳಿದ್ದಾರೆ, ಬಟ್ಟೆಯ ತುಂಡು ಹೊಂದುತ್ತದೆ. ಆದರೂ ಯಾವ ಹಸಿರು? ಮಡಿಕೆಯೊಳಗಿನದೂ 75 ವರ್ಷ ಹಳೆಯದೇ. ಹಸಿರೆಂಬುದಕ್ಕೆ ಆಧಾರವಿದೆ, ಚಿತ್ರದಲ್ಲಿ ಹಾಕಿಸಿದ ಅದೇ ಹಸಿರು ಎಂಬುದಕ್ಕಿಲ್ಲ.

ಚಲನಚಿತ್ರಗಳಿಗೆ ಬಣ್ಣ ಹಾಕಿದ್ದನ್ನು ನಮ್ಮ ಓದುಗರು ನೋಡಿದ್ದಾರೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತಳೆದು ಮತ್ತೆ ತೆರೆಗೆ ಬಂದವು. ಹರಿಶ್ಚಂದ್ರನ ಅಂಗವಸ್ತ್ರದ ಬಣ್ಣ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಅದು ಮೊದಲೇ ವೇಷ. ಮನೆಯ ಚಿತ್ರದಲ್ಲಿ ಇರುವವರಿಗೆ ಬೇರೆ ದಾಖಲೆಯಿರುವುದಿಲ್ಲ.

ಯಂತ್ರದ ಊಹೆ ಎಷ್ಟು ಗಟ್ಟಿಯೆಂದು ಪರೀಕ್ಷಿಸಲು ಮನೆಯಲ್ಲಿಯೇ ಒಂದು ಉಪಾಯವುಂಟು. ಅದೇ ಚಿತ್ರವನ್ನು ಸ್ವಲ್ಪ ಕತ್ತರಿಸಿ, ಅಥವಾ ಒಂದಿಷ್ಟು ತಿಳಿಯಾಗಿಸಿ ಮತ್ತೊಮ್ಮೆ ಕೊಟ್ಟು ನೋಡಿ. ನಾವು ಹೀಗೆ ಕೊಟ್ಟಾಗ ಆಯಿಯ ಸೀರೆ ಒಮ್ಮೆ ಕಂದಾಯಿತು, ಒಮ್ಮೆ ನೇರಳೆಯಾಯಿತು. ಮುಖ, ಕೈಗಳ ಬಣ್ಣ ಮಾತ್ರ ಹೆಚ್ಚು ಕದಲಲಿಲ್ಲ. ಎಲ್ಲಿ ಬಣ್ಣ ಅಲುಗಾಡುತ್ತದೋ ಅಲ್ಲಿ ಯಂತ್ರಕ್ಕೆ ಏನೂ ಗೊತ್ತಿಲ್ಲ. ಅಲುಗಾಡದಿದ್ದರೆ ಅದು ಸತ್ಯವೆಂದೇನೂ ಅಲ್ಲ. ಪರದೆಯ ಮರಗಳು ಪ್ರತಿ ಬಾರಿಯೂ ಹಸಿರಾಗಿಯೇ ಬಂದವು.

ಕೊನೆಗೆ ಚಿತ್ರಕ್ಕೆ ಬಣ್ಣ ಹಾಕುವ ಕೆಲಸವನ್ನು ಗಣಕಯಂತ್ರದಲ್ಲಿ ಕೈಯಿಂದ ಮಾಡುವ ಒಬ್ಬ ಕಲಾವಿದರಿಗೆ ಒಪ್ಪಿಸಿದೆವು. ಮೂಲಚಿತ್ರವನ್ನು ಹಿಂದು-ಮುಂದು ಎರಡೂ ಬದಿ, ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿಸಿ, ಆ ಕಡತವನ್ನು ಯಾರೂ ಮುಟ್ಟದಂತೆ ಬೇರೆ ಇಟ್ಟೆವು. ಬಣ್ಣವನ್ನು ಅದರ ನಕಲಿನ ಮೇಲೆ ಬೇರೊಂದು ಪದರವಾಗಿ ಹಾಕಿಸಿದೆವು, ಬೇಡವಾದರೆ ಪದರವನ್ನು ತೆಗೆದುಬಿಡಬಹುದು. ಒಡಲು ಹಸಿರು, ಅಂಚು ಸೆರಗು ಕೆಂಪು, ವಿಭೂತಿ ಬಿಳಿ, ಕರಡಿಗೆ ಬೆಳ್ಳಿ. ಪರದೆಗೆ ಏನೂ ಬೇಡವೆಂದೆವು.

ಮುತ್ಯಾನ ರುಮಾಲಿನ ವಿಷಯದಲ್ಲಿ ಜಗಳವಾಯಿತು. ದೊಡ್ಡಪ್ಪ ಕೆಂಪು ಎಂದರು, ಸಣ್ಣ ಆಯಿ ಕೇಸರಿ ಎಂದರು. ಇಬ್ಬರೂ ಮುತ್ಯಾನ ಬೇರೆ ಬೇರೆ ರುಮಾಲುಗಳನ್ನು ನೆನೆಸಿಕೊಳ್ಳುತ್ತಿರಬಹುದು. ಚಿತ್ರದಲ್ಲಿ ಅದು ಕಪ್ಪಿಗೆ ಸಮೀಪದ ಬೂದು. ಆ ಫಿಲ್ಮಿನಲ್ಲಿ ಕೆಂಪೂ ಹಾಗೆ ಬಂದೀತು, ದಟ್ಟ ಕೇಸರಿಯೂ ಹಾಗೆ ಬಂದೀತು. ರುಮಾಲಿನ ಚೂರು ಎಲ್ಲಿಯೂ ಸಿಗಲಿಲ್ಲ.

ಈಗ ಮನೆಮನೆಯಲ್ಲಿರುವ ಪ್ರತಿಯ ಬೆನ್ನಿಗೆ ಮೃದು ಪೆನ್ಸಿಲಿನಿಂದ ಬರೆದಿದ್ದೇವೆ: ಅಂಚು ಮತ್ತು ಸೆರಗು, ಚಿತ್ರದ ಆಧಾರದಿಂದ, ಒಡಲು, ಸಣ್ಣ ಆಯಿಯ ಮಾತು ಮತ್ತು ಕೌದಿಯಿಂದ, ಹಸಿರಿನ ಛಾಯೆ, ಊಹೆ, ಚರ್ಮದ ಬಣ್ಣ, ಊಹೆ, ಮಕ್ಕಳ ಅಂಗಿಗಳು, ಊಹೆ. ರುಮಾಲನ್ನು ಬೂದುಬಣ್ಣದಲ್ಲಿಯೇ ಬಿಟ್ಟಿದ್ದೇವೆ. ಮನೆಗೆ ಬಂದವರು ಬಣ್ಣ ಹಾಕುವುದು ಮರೆತಿತೇ ಎಂದು ಕೇಳುತ್ತಾರೆ, ದೊಡ್ಡಪ್ಪನವರು ಪ್ರತಿ ಸಲವೂ ‘ಕೆಂಪ ಇತ್ತು’ ಎನ್ನುತ್ತಾರೆ.